ಕೊನೆಯ ಪುಟದ ಬೆಲೆ

ಮಕ್ಕಳೇ, ಈ ವಾರ ಎಲ್ಲರೂ ಸೇರಿ ಒಂದು ಬಿಲ್ಲು ಓದೋಣ. ಅಜ್ಜ-ಅಜ್ಜಿಯರೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತುಕೊಳ್ಳಲಿ. ಬಿಲ್ಲು ರವೀಂದ್ರನಗರದ ನಮ್ಮ ಮನೆಯದ್ದೇ.

ಆರನೇ ತರಗತಿಯ ನನ್ನ ಮೊಮ್ಮಗಳಿಗೆ ಕಂಪಾಸ್ ಬಾಕ್ಸ್ ಬೇಕಾಗಿತ್ತು. ಮನೆಗೆ ಸಾಮಾನು ತಂದುಕೊಡುವ ಒಂದು ಆ್ಯಪಿನಲ್ಲಿ ಹುಡುಕಿದಳು. 150 ರೂಪಾಯಿ ಎಂದು ಬರೆದು, ಅದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ 120 ರೂಪಾಯಿ ಎಂದು ದಪ್ಪ ಅಕ್ಷರದಲ್ಲಿ ತೋರಿಸಿತ್ತು. ವಿಳಾಸ ಆರಿಸಿದ್ದಾಯಿತು, ಮುಂದೆ ಮುಂದೆ ಒತ್ತಿದ್ದಾಯಿತು. ಹಣ ಕಟ್ಟುವ ಪುಟಕ್ಕೆ ಬಂದಾಗ ಕೆಳಗಿನ ಹಸಿರು ಗುಂಡಿಯಲ್ಲಿ 185 ರೂಪಾಯಿ ಎಂದಿತ್ತು. "ಅಜ್ಜ, ನೂರಿಪ್ಪತ್ತು ಇದ್ದದ್ದು ನೂರೆಂಬತ್ತೈದು ಹೇಗಾಯ್ತು?" ಎಂದು ಮೊಬೈಲ್ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಹಣ ಇನ್ನೂ ಕಟ್ಟಿರಲಿಲ್ಲ.

ಮೊತ್ತದ ಪಕ್ಕದಲ್ಲಿ ಒಂದು ಸಣ್ಣ ಬಾಣದ ಗುರುತು ಇತ್ತು. ಅದನ್ನು ಮುಟ್ಟಿದರೆ ಮಾತ್ರ ವಿವರ ತೆರೆದುಕೊಳ್ಳುತ್ತದೆ. ಅವಳಿಂದಲೇ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದೊಂದು ಸಾಲಾಗಿ ಬರೆಸಿದೆ. ಬಾಕ್ಸಿಗೆ 120. ಡೆಲಿವರಿ ಚಾರ್ಜ್ 25. ಸ್ಮಾಲ್ ಕಾರ್ಟ್ ಫೀ, ಅಂದರೆ ಬುಟ್ಟಿ ಚಿಕ್ಕದಾಯಿತು ಎಂಬ ಕಾರಣಕ್ಕೆ 20. ಹ್ಯಾಂಡ್ಲಿಂಗ್ ಚಾರ್ಜ್ 9. ಸಾಮಾನು ತರುವ ಹುಡುಗನಿಗೆ ಟಿಪ್ಸ್ 10. ಯಾವುದೋ ಒಳ್ಳೆಯ ಕೆಲಸಕ್ಕೆ ದೇಣಿಗೆ 1. ಕೂಡಿದರೆ ಸರಿಯಾಗಿ 185. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ 120 ರೂಪಾಯಿಯ ವಸ್ತುವಿನ ಮೇಲೆ 65 ರೂಪಾಯಿ ಏರಿದೆ. ಶೇಕಡಾ ಎಷ್ಟು ಎಂದು ಕೇಳಿದೆ. ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿ "ಐವತ್ತನಾಲ್ಕು ಚಿಲ್ಲರೆ" ಎಂದಳು. ಸರಿ ಉತ್ತರ.

ಈಗ ಆ ಐದು ಸಾಲುಗಳನ್ನು ಎರಡು ಗುಂಪು ಮಾಡಬೇಕು. ಬಿಲ್ಲು ಓದುವುದೆಂದರೆ ಮುಖ್ಯವಾಗಿ ಇಷ್ಟೇ. ಒಂದು ಗುಂಪು, ನಾವು ಬೇಡ ಎಂದರೆ ಹೋಗುವಂಥದ್ದು. ಇನ್ನೊಂದು, ಬೇಡ ಎಂದರೂ ಹೋಗದಂಥದ್ದು. ಟಿಪ್ಸ್ ಮತ್ತು ದೇಣಿಗೆ ಮೊದಲನೆಯ ಗುಂಪಿಗೆ ಸೇರಿದವು. ಅವುಗಳ ಮುಂದಿನ ಚೌಕದಲ್ಲಿ ಟಿಕ್ ಮೊದಲೇ ಬಿದ್ದಿತ್ತು. ಮೊಮ್ಮಗಳು ಹಾಕಿದ್ದಲ್ಲ, ನಾನೂ ಹಾಕಿದ್ದಲ್ಲ. ಬೆರಳಿಟ್ಟು ತೆಗೆದ ಕೂಡಲೇ ಮೊತ್ತ 174ಕ್ಕೆ ಇಳಿಯಿತು. ಟಿಪ್ಸಿನ ಕೆಳಗೆ "ಮುಂದಿನ ಆರ್ಡರಿಗೂ ಇದೇ ಇರಲಿ" ಎಂಬ ಅರ್ಥದ ಇನ್ನೊಂದು ಚೌಕವೂ ಇತ್ತು. ಅದನ್ನು ಹಾಗೇ ಬಿಟ್ಟಿದ್ದರೆ ಪ್ರತಿ ಸಲವೂ ಹತ್ತು ರೂಪಾಯಿ ಕೇಳದೆಯೇ ಹೋಗುತ್ತಿತ್ತು. ಬಿಸಿಲು ಮಳೆಯಲ್ಲಿ ಬೈಕ್ ಓಡಿಸಿಕೊಂಡು ಬರುವ ಹುಡುಗರಿಗೆ ಕೊಡಬಾರದು ಎಂದು ನಾನು ಹೇಳುತ್ತಿಲ್ಲ. ನಾನು ಕೈಗೇ ಕೊಡುತ್ತೇನೆ. ಕೊಡುವುದು ನಮ್ಮ ಮನಸ್ಸಿನಿಂದ ಆಗಬೇಕು, ಇನ್ನೊಬ್ಬರು ಮೊದಲೇ ಹಾಕಿಟ್ಟ ಟಿಕ್‌ನಿಂದ ಅಲ್ಲ.

ಉಳಿದ ಮೂರು ಸಾಲು ಎಷ್ಟು ಮುಟ್ಟಿದರೂ ಹೋಗಲಿಲ್ಲ. ಅದರ ಬದಲು ಪರದೆಯ ಮೇಲೆ ಒಂದು ಪಟ್ಟಿ ಮಿನುಗಿತು: ಇನ್ನು 79 ರೂಪಾಯಿಯ ಸಾಮಾನು ಸೇರಿಸಿದರೆ ಡೆಲಿವರಿ ಉಚಿತ, ಸಣ್ಣ ಬುಟ್ಟಿಯ ಶುಲ್ಕವೂ ಇಲ್ಲ. ಮಕ್ಕಳೇ, ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಿ. 79 ಸೇರಿಸಿದರೆ ಸಾಮಾನಿಗೆ 199, ಹ್ಯಾಂಡ್ಲಿಂಗ್ 9, ಒಟ್ಟು 208. ಸೇರಿಸದಿದ್ದರೆ 174. ಉಳಿಯುವುದು 45 ರೂಪಾಯಿ ಎಂದು ಅದು ಹೇಳುತ್ತದೆ, ಆದರೆ ಕೈಯಿಂದ ಹೋಗುವುದು 34 ಹೆಚ್ಚು. ಮನೆಯಲ್ಲಿ ನಿಜವಾಗಿಯೂ ಎರಡು ನೋಟ್‌ಬುಕ್ ಬೇಕಾಗಿದ್ದರೆ ಇದು ಲಾಭವೇ. 79 ರೂಪಾಯಿಯ ನೋಟ್‌ಬುಕ್ 34ಕ್ಕೆ ಸಿಕ್ಕ ಹಾಗಾಯಿತು. ಬೇಡದ ಚಾಕೊಲೇಟ್ ಹಾಕಿಕೊಂಡರೆ 34 ನಷ್ಟ, ಜೊತೆಗೆ ಹಲ್ಲಿಗೂ ನಷ್ಟ. ಅದೇ ಬಾಕ್ಸ್ ದುರ್ಗಿಗುಡಿಯ ಪುಸ್ತಕದ ಅಂಗಡಿಯಲ್ಲಿ 140ಕ್ಕೆ ಸಿಕ್ಕಿತು. ಸಂಜೆ ವಾಕಿಂಗಿಗೆ ಹೇಗೂ ನಾನು ಆ ಕಡೆ ಹೋಗುವವ. ಮೊದಲ ಪುಟದಲ್ಲಿ ಅಂಗಡಿಯವರಿಗಿಂತ 20 ರೂಪಾಯಿ ಕಡಿಮೆ ಕಂಡದ್ದು, ಕೊನೆಯ ಪುಟದಲ್ಲಿ 34 ರೂಪಾಯಿ ಹೆಚ್ಚಾಗಿತ್ತು. ಬೆಲೆ ಹೋಲಿಸುವಾಗ ಯಾವ ಪುಟದ ಬೆಲೆಯನ್ನು ಹೋಲಿಸುತ್ತಿದ್ದೇವೆ ಎಂಬುದರ ಮೇಲೆ ಉತ್ತರವೇ ತಿರುಗಿಬಿಡುತ್ತದೆ.

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದ ಕಾಲದಲ್ಲಿ ಡಿಡಿ ಮಾಡಿಸಲು ಬರುವವರು ಒಂದು ಅರ್ಜಿ ತುಂಬುತ್ತಿದ್ದರು. ಮೇಲೆ ಡಿಡಿಯ ಮೊತ್ತ, ಅದರ ಕೆಳಗೆ ಕಮಿಷನ್, ಅದರ ಕೆಳಗೆ ಒಟ್ಟು. ಮೂರನ್ನೂ ಗ್ರಾಹಕರೇ ತಮ್ಮ ಕೈಯಿಂದ ಬರೆದು, ಆಮೇಲೆ ನೋಟು ಎಣಿಸಿ ಕೊಡುತ್ತಿದ್ದರು. ಬ್ಯಾಂಕೂ ಶುಲ್ಕ ತೆಗೆದುಕೊಳ್ಳುತ್ತಿತ್ತು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಹಣ ಕೊಡುವ ಮೊದಲು ಶುಲ್ಕ ಎಷ್ಟು ಎಂಬುದು ಕೊಡುವವರಿಗೆ ಗೊತ್ತಿರುತ್ತಿತ್ತು. ಕಮಿಷನ್ ಹೆಚ್ಚಾಯಿತು ಎನಿಸಿದರೆ ಅರ್ಜಿ ಮಡಚಿ ಜೇಬಿಗೆ ಹಾಕಿಕೊಂಡು, ಅಂಚೆ ಕಚೇರಿಗೆ ಮನಿಯಾರ್ಡರ್ ಮಾಡಲು ಹೋದವರೂ ಇದ್ದರು.

ಇಂದಿನ ಕಾನೂನು ಕೇಳುವುದೂ ಹೆಚ್ಚು ಕಡಿಮೆ ಇದನ್ನೇ. 2020ರ ಜುಲೈನಲ್ಲಿ ಬಂದ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಎರಡು ಮಾತು ಹೇಳಿವೆ. ಮೊದಲನೆಯದು, ಆನ್‌ಲೈನಿನಲ್ಲಿ ಮಾರುವವರು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ಕೊಡಬೇಕು. ಅದರ ಜೊತೆಗೆ ಡೆಲಿವರಿ, ಅಂಚೆ, ಹ್ಯಾಂಡ್ಲಿಂಗ್, ತೆರಿಗೆ ಎಂದು ಕಡ್ಡಾಯದ್ದೂ ಐಚ್ಛಿಕದ್ದೂ ಬಿಡಿಸಿ ತೋರಿಸಬೇಕು. ಎರಡನೆಯದು, ಗ್ರಾಹಕರ ಒಪ್ಪಿಗೆಯನ್ನು ತಾನಾಗಿಯೇ ದಾಖಲು ಮಾಡಿಕೊಳ್ಳುವಂತಿಲ್ಲ. ಮೊದಲೇ ಟಿಕ್ ಹಾಕಿಟ್ಟ ಚೌಕ ಎಂಬ ಮಾತು ಆ ನಿಯಮದಲ್ಲಿಯೇ ಇದೆ. ಎಂದರೆ ಟಿಕ್ ಹಾಕುವ ಕೆಲಸ ನಮ್ಮದು, ಅಂಗಡಿಯದ್ದಲ್ಲ.

ಮೂರು ವರ್ಷದ ನಂತರ, 2023ರ ನವೆಂಬರ್ 30ರಂದು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇನ್ನೂ ವಿವರವಾದ ಮಾರ್ಗಸೂಚಿ ಹೊರಡಿಸಿತು. ಡಾರ್ಕ್ ಪ್ಯಾಟರ್ನ್ ಎಂದು ಕರೆಯುವ 13 ಬಗೆಯ ಚಾಲಾಕಿತನಗಳನ್ನು ಅದು ಹೆಸರಿಟ್ಟು ಪಟ್ಟಿ ಮಾಡಿದೆ. ಹದಿಮೂರೂ ನಮಗೆ ಇಂದು ಬೇಡ, ಎರಡು ಸಾಕು. ನಾವು ಕೇಳದ ವಸ್ತು, ಸೇವೆ ಅಥವಾ ದೇಣಿಗೆಯನ್ನು ಹಣ ಕಟ್ಟುವ ಹೊತ್ತಿಗೆ ನಮ್ಮ ಬುಟ್ಟಿಗೆ ಹಾಕಿಬಿಡುವುದಕ್ಕೆ ಅದು ಕೊಟ್ಟ ಹೆಸರು ಬಾಸ್ಕೆಟ್ ಸ್ನೀಕಿಂಗ್. ಸಂತೆಯಲ್ಲಿ ನೀವು ಅತ್ತ ನೋಡುವಾಗ ಇತ್ತ ಚೀಲಕ್ಕೆ ಎರಡು ಬದನೆಕಾಯಿ ಜಾಸ್ತಿ ತುರುಕಿ, ಅದಕ್ಕೂ ದುಡ್ಡು ಕೇಳಿದ ಹಾಗೆ. ವಿಮಾನದ ಟಿಕೆಟ್ ಕೊಳ್ಳುವಾಗ ಪ್ರಯಾಣ ವಿಮೆಯನ್ನು ತಾನಾಗಿಯೇ ಸೇರಿಸುವುದನ್ನು ಮಾರ್ಗಸೂಚಿ ಉದಾಹರಣೆಯಾಗಿ ಕೊಟ್ಟಿದೆ. ಎರಡನೆಯದು ಡ್ರಿಪ್ ಪ್ರೈಸಿಂಗ್. ಬೆಲೆಯ ಕೆಲವು ಭಾಗಗಳನ್ನು ಮೊದಲು ಹೇಳದೆ, ಹೆಂಚಿನ ಮಾಡಿನಿಂದ ಮಳೆನೀರು ತೊಟ್ಟಿಕ್ಕಿದ ಹಾಗೆ ಪುಟಕ್ಕೊಂದು ಹನಿಯಾಗಿ ಇಳಿಸುವುದು.

ನಮ್ಮ ಬಿಲ್ಲಿಗೆ ಇದನ್ನು ಹೊಂದಿಸಿ ನೋಡಿ. ಟಿಪ್ಸು, ದೇಣಿಗೆ ಮೊದಲನೆಯ ಬಗೆ. ಸ್ಮಾಲ್ ಕಾರ್ಟ್ ಮತ್ತು ಹ್ಯಾಂಡ್ಲಿಂಗ್ ಎರಡನೆಯದರ ಹತ್ತಿರ ಬರುತ್ತವೆ. ಹತ್ತಿರ ಎಂದೆ, ಯಾಕೆಂದರೆ ಇಲ್ಲೊಂದು ಮಿತಿ ಇದೆ. ಹ್ಯಾಂಡ್ಲಿಂಗ್ ಚಾರ್ಜ್ ತೆಗೆದುಕೊಳ್ಳುವುದೇ ತಪ್ಪು ಎಂದು ಈ ನಿಯಮಗಳು ಹೇಳುವುದಿಲ್ಲ. ಒಂಬತ್ತೇ ಇರಲಿ, ಹತ್ತೊಂಬತ್ತು ಬೇಡ ಎಂದೂ ಹೇಳುವುದಿಲ್ಲ. ಡೆಲಿವರಿಯಂಥ ಅಗತ್ಯದ ಶುಲ್ಕವನ್ನು ಕೊಳ್ಳುವ ಹೊತ್ತಿಗೆ ಸ್ಪಷ್ಟವಾಗಿ ತಿಳಿಸಿದ್ದರೆ ಅದನ್ನು ಬುಟ್ಟಿಗೆ ತುರುಕಿದ್ದು ಎನ್ನಲಾಗದು. ತಕರಾರು ಇರುವುದು ಶುಲ್ಕದ ಬಗ್ಗೆ ಅಲ್ಲ, ಅದನ್ನು ಮುಚ್ಚಿಟ್ಟದ್ದರ ಬಗ್ಗೆ. ಇದನ್ನು ತಿಳಿಯದೆ ದೂರು ಕೊಟ್ಟರೆ "ನಾವು ವಿವರದಲ್ಲಿ ತೋರಿಸಿದ್ದೇವಲ್ಲ" ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ.

"ಹಾಗಾದರೆ ಮೊದಲೇ ಹೇಳಿಬಿಟ್ಟರೆ ಅವರಿಗೇನು ಕಷ್ಟ ಅಜ್ಜ?" ಎಂದು ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಇದಕ್ಕೆ ಊಹೆಯ ಉತ್ತರ ಬೇಕಿಲ್ಲ, ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದಲ್ಲಿ ಆಟ, ಸಂಗೀತ ಕಛೇರಿಗಳ ಟಿಕೆಟ್ ಮಾರುವ ಸ್ಟಬ್‌ಹಬ್ ಎಂಬ ಕಂಪನಿ ತನ್ನ ಗ್ರಾಹಕರಲ್ಲಿ ಕೆಲವರಿಗೆ ಶುಲ್ಕವೂ ಸೇರಿದ ಬೆಲೆಯನ್ನು ಮೊದಲೇ ತೋರಿಸಿತು, ಇನ್ನು ಕೆಲವರಿಗೆ ಕೊನೆಯ ಪುಟದಲ್ಲಿ ಮಾತ್ರ ಶುಲ್ಕ ತೋರಿಸಿತು. ಟಿಕೆಟ್ಟೂ ಅದೇ, ಶುಲ್ಕವೂ ಅದೇ. ಅರ್ಥಶಾಸ್ತ್ರಜ್ಞರು ಲೆಕ್ಕ ತೆಗೆದಾಗ, ಕೊನೆಯಲ್ಲಿ ಶುಲ್ಕ ಕಂಡವರು ಸುಮಾರು ಶೇಕಡಾ 20ರಷ್ಟು ಹೆಚ್ಚು ಖರ್ಚು ಮಾಡಿದ್ದರು. ಅವರಲ್ಲಿ ಅರ್ಧದಲ್ಲಿ ಬಿಡದೆ ಖರೀದಿ ಮುಗಿಸಿದವರೂ ಹೆಚ್ಚು, ದುಬಾರಿ ಸೀಟು ಆರಿಸಿದವರೂ ಹೆಚ್ಚು. ಸೀಟು ಆರಿಸಿ, ಹೆಸರು ತುಂಬಿ, ಮನಸ್ಸಿನಲ್ಲಿ ಆಗಲೇ ಆಟದ ಮೈದಾನದಲ್ಲಿ ಕೂತವರು ಕೊನೆಯಲ್ಲಿ ನೂರು ರೂಪಾಯಿ ಹೆಚ್ಚಾಯಿತು ಎಂದು ಎದ್ದು ಬರುವುದಿಲ್ಲ. ಹನಿ ಇಳಿಸುವವರಿಗೆ ಇದು ಚೆನ್ನಾಗಿ ಗೊತ್ತು.

ಈಗ ಶಿವಮೊಗ್ಗದವರೆಲ್ಲರೂ ಕಟ್ಟುವ ಒಂದು ಶುಲ್ಕಕ್ಕೆ ಬರೋಣ. ಇದು ಮುಚ್ಚಿಟ್ಟ ಶುಲ್ಕವಲ್ಲ, ಬಹಿರಂಗವಾಗಿಯೇ ಇದೆ. ಆದರೂ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿದುಕೊಂಡರೆ ಬೇರೆ ಶುಲ್ಕಗಳನ್ನು ಓದುವುದು ಸುಲಭವಾಗುತ್ತದೆ. ರೈಲ್ವೆಯ ಐಆರ್‌ಸಿಟಿಸಿಯಲ್ಲಿ ಟಿಕೆಟ್ ಮಾಡಿದರೆ ಟಿಕೆಟ್ಟಿನ ದರದ ಜೊತೆಗೆ ಕನ್ವೀನಿಯನ್ಸ್ ಫೀ ಎಂದು ಇರುತ್ತದೆ. ನೋಟು ರದ್ದಾದ 2016ರ ನವೆಂಬರಿನಲ್ಲಿ, ಜನ ಆನ್‌ಲೈನಿಗೆ ಬರಲಿ ಎಂದು ಹೀಗೊಂದು ಶುಲ್ಕವನ್ನು ಬಿಟ್ಟುಬಿಟ್ಟಿದ್ದರು. 2019ರ ಸೆಪ್ಟೆಂಬರ್ 1ರಿಂದ ಮತ್ತೆ ಬಂತು. ಎಸಿ ಇಲ್ಲದ ದರ್ಜೆಗೆ ಯುಪಿಐಯಲ್ಲಿ ಕಟ್ಟಿದರೆ 10, ಕಾರ್ಡ್ ಮುಂತಾದವುಗಳಲ್ಲಿ 15. ಎಸಿ ದರ್ಜೆಗೆ 20 ಮತ್ತು 30. ಇವುಗಳ ಮೇಲೆ ಶೇಕಡಾ 18 ಜಿಎಸ್‌ಟಿ. ಹಾಗಾಗಿ ಯುಪಿಐಯ 10 ರೂಪಾಯಿ 11 ರೂಪಾಯಿ 80 ಪೈಸೆ ಆಗುತ್ತದೆ, ಕಾರ್ಡಿನ 15 ರೂಪಾಯಿ 17 ರೂಪಾಯಿ 70 ಪೈಸೆ. ಒಂದೇ ಸೀಟು, ಒಂದೇ ರೈಲು, ಹಣ ಕಟ್ಟುವ ದಾರಿ ಬೇರೆ ಎಂಬುದಕ್ಕೇ ಸುಮಾರು ಆರು ರೂಪಾಯಿಯ ವ್ಯತ್ಯಾಸ.

ಇನ್ನೊಂದು ಮುಖ್ಯ ವಿಷಯ. ಈ ಶುಲ್ಕ ತಲೆಗೆ ಇಷ್ಟು ಎಂದು ಅಲ್ಲ, ಟಿಕೆಟ್ಟಿಗೆ ಇಷ್ಟು ಎಂದು. ಸಾಮಾನ್ಯವಾಗಿ ಒಂದು ಟಿಕೆಟ್ಟಿನಲ್ಲಿ ಆರು ಜನರ ಹೆಸರು ಹಾಕಬಹುದು. ಮದುವೆಗೆಂದು ಆರು ಜನ ಜನಶತಾಬ್ದಿಯ ಸಾಧಾರಣ ಸೀಟಿನಲ್ಲಿ ಬೆಂಗಳೂರಿಗೆ ಹೊರಟಿದ್ದಾರೆ ಎನ್ನಿ. ಆರು ಹೆಸರನ್ನೂ ಒಂದೇ ಟಿಕೆಟ್ಟಿಗೆ ಹಾಕಿ ಯುಪಿಐಯಲ್ಲಿ ಕಟ್ಟಿದರೆ ಶುಲ್ಕ 11 ರೂಪಾಯಿ 80 ಪೈಸೆ. ಅವರವರ ಮೊಬೈಲಿನಲ್ಲಿ ಒಬ್ಬೊಬ್ಬರೇ ಮಾಡಿಕೊಂಡರೆ 70 ರೂಪಾಯಿ 80 ಪೈಸೆ. ಸೀಟೂ ಬೇರೆ ಬೇರೆ ಬೋಗಿಗೆ ಹೋದೀತು, ಬುತ್ತಿ ಒಬ್ಬರ ಹತ್ತಿರ ತಟ್ಟೆ ಇನ್ನೊಬ್ಬರ ಹತ್ತಿರ! ಆಮೇಲೆ ಟಿಕೆಟ್ ರದ್ದು ಮಾಡಿದರೂ ಈ ಶುಲ್ಕ ಹಿಂದಕ್ಕೆ ಬರುವುದಿಲ್ಲ. ನಿಲ್ದಾಣದ ರಿಸರ್ವೇಷನ್ ಕೌಂಟರಿನಲ್ಲಿ ಟಿಕೆಟ್ ಮಾಡಿಸಿದರೆ ಇದು ಇರುವುದೇ ಇಲ್ಲ. ಆದರೆ ಅಲ್ಲಿಗೆ ಹೋಗಿಬರುವ ಆಟೋ ಬಾಡಿಗೆ ಹನ್ನೆರಡು ರೂಪಾಯಿಗೆ ಆಗುತ್ತದೆಯೇ? ನಡೆದು ಹೋಗುವವರಿಗೆ ಕೌಂಟರ್, ಉಳಿದವರಿಗೆ ಮೊಬೈಲ್ ಎನ್ನುವುದು ನನ್ನ ಲೆಕ್ಕ.

ಅದೇ ಪುಟದಲ್ಲಿ ಪ್ರಯಾಣ ವಿಮೆ ಬೇಕೋ ಬೇಡವೋ ಎಂಬ ಪ್ರಶ್ನೆಯೂ ಇರುತ್ತದೆ. ಒಬ್ಬರಿಗೆ 45 ಪೈಸೆ. ಇದು ತಲೆಲೆಕ್ಕ. ನಾನು ಇಲ್ಲಿಯವರೆಗೆ ಟಿಕ್ ತೆಗೆಯಿರಿ ಎಂದವನು ಇಲ್ಲಿ ಮಾತ್ರ ಬೇಕು ಎಂದೇ ಒತ್ತಿ ಎನ್ನುತ್ತೇನೆ. ರೈಲು ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ, ಗಾಯಗೊಂಡು ಆಸ್ಪತ್ರೆಗೆ ಸೇರಿದರೆ 2 ಲಕ್ಷದವರೆಗೆ ಖರ್ಚು ಸಿಗುತ್ತದೆ. ಆರು ಜನರಿಗೂ ಸೇರಿ 2 ರೂಪಾಯಿ 70 ಪೈಸೆ. ಒತ್ತಿದ ಮೇಲೆ ವಿಮಾ ಕಂಪನಿಯಿಂದ ಮೊಬೈಲಿಗೆ ಅಥವಾ ಇ-ಮೇಲಿಗೆ ಒಂದು ಲಿಂಕ್ ಬರುತ್ತದೆ. ಅದರಲ್ಲಿ ನಾಮಿನಿಯ ಹೆಸರು ತುಂಬಬೇಕು. ಹಲವರು ತುಂಬುವುದಿಲ್ಲ, ಹಾಗಾಗಿ ದುಡ್ಡು ಬರಬೇಕಾದಾಗ ಮನೆಯವರು ವಾರಸುದಾರರ ಕಾಗದಪತ್ರಕ್ಕೆ ಅಲೆಯಬೇಕಾಗುತ್ತದೆ. ನಾಮಿನಿ ಇಲ್ಲದ ಖಾತೆಗಳಿಗಾಗಿ ಕೌಂಟರಿನ ಎದುರು ನಿಂತು ಕಣ್ಣೀರು ಹಾಕಿದವರನ್ನು ನಾನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನೋಡಿ, ಹಾಗಾದರೆ ಹೆಚ್ಚುವರಿ ಸಾಲುಗಳೆಲ್ಲ ಮೋಸವಲ್ಲ. ಒಂದೊಂದು ಸಾಲಿಗೂ ಮೂರು ಪ್ರಶ್ನೆ ಕೇಳಿದರೆ ಸಾಕು. ಇದು ತಲೆಗೋ, ಟಿಕೆಟ್ಟಿಗೋ, ಇಡೀ ಬುಟ್ಟಿಗೋ? ಬೇಡ ಎಂದರೆ ಹೋಗುತ್ತದೆಯೇ? ಖರೀದಿ ರದ್ದಾದರೆ ಹಿಂದಕ್ಕೆ ಬರುತ್ತದೆಯೇ? ಬೇಡ ಎನ್ನುವ ಗುಂಡಿಯನ್ನು ಕೆಲವರು ಹೆದರಿಸುವ ಮಾತಿನಲ್ಲಿ ಬರೆದಿರುತ್ತಾರೆ. "ಇಲ್ಲ, ನಾನು ರಕ್ಷಣೆ ಇಲ್ಲದೆಯೇ ಇರುತ್ತೇನೆ" ಎಂಬಂಥದ್ದು. 2023ರ ಮಾರ್ಗಸೂಚಿಯ ಹದಿಮೂರರಲ್ಲಿ ಅದೂ ಒಂದು. ಅಜ್ಜಿಯರು ಹೆಚ್ಚಾಗಿ ಅಲ್ಲೇ ಹಿಂಜರಿದು ಹೌದು ಒತ್ತಿಬಿಡುತ್ತಾರೆ. ಪಕ್ಕದಲ್ಲಿ ಕೂತ ಮೊಮ್ಮಕ್ಕಳು ಆ ಸಾಲನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿಬಿಟ್ಟರೆ ಹೆದರಿಕೆ ಹೋಗಿ ನಗು ಬರುತ್ತದೆ.

ದುಡ್ಡು ಕಟ್ಟಿಯಾದ ಮೇಲೆ ಇಂಥದ್ದು ಕಣ್ಣಿಗೆ ಬಿದ್ದರೆ ಏನು ಮಾಡುವುದು? ಅದಕ್ಕೆ ಆಧಾರ ಬೇಕು. ದುಡ್ಡು ಕಟ್ಟುವ ಮೊದಲೇ ಎರಡು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದನ್ನು ಮಕ್ಕಳು ರೂಢಿ ಮಾಡಿಕೊಳ್ಳಲಿ: ಬೆಲೆ ಮೊದಲು ಕಂಡ ಪುಟದ್ದು ಒಂದು, ಬಾಣ ಒತ್ತಿ ವಿವರ ತೆರೆದ ಕೊನೆಯ ಪುಟದ್ದು ಇನ್ನೊಂದು. ಟಿಕ್ ತಾನಾಗಿ ಬಿದ್ದಿದ್ದರೆ ಅದನ್ನು ಮುಟ್ಟುವ ಮೊದಲೇ ಚಿತ್ರ ತೆಗೆಯಬೇಕು, ತೆಗೆದ ಮೇಲೆ ಸಾಕ್ಷಿ ಇರುವುದಿಲ್ಲ. ಮೊದಲು ಆ್ಯಪಿನ ಸಹಾಯದ ಪುಟದಲ್ಲಿಯೇ ಬರೆದು ಕೇಳಿ. ಸಣ್ಣ ಮೊತ್ತವನ್ನು ಅಲ್ಲೇ ಹಿಂದಿರುಗಿಸಿಬಿಡುವವರೂ ಇದ್ದಾರೆ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲಿಯೇ ಮಾತನಾಡಬಹುದು. consumerhelpline.gov.in ಎಂಬಲ್ಲಿ ಸ್ಕ್ರೀನ್‌ಶಾಟ್ ಸೇರಿಸಿ ಬರೆದೂ ಕೊಡಬಹುದು. "ಹತ್ತು ರೂಪಾಯಿ ಹೆಚ್ಚು ತೆಗೆದುಕೊಂಡರು" ಎಂದು ಬರೆಯಬೇಡಿ. "ನಾನು ಟಿಕ್ ಹಾಕದೆಯೇ ಟಿಪ್ಸ್ ಸೇರಿಸಲಾಗಿತ್ತು, ಇದು ಬಾಸ್ಕೆಟ್ ಸ್ನೀಕಿಂಗ್" ಎಂದು ಬರೆಯಿರಿ. ದೂರು ಯಾವ ನಿಯಮಕ್ಕೆ ಸೇರುತ್ತದೆ ಎಂದು ಓದುವವರಿಗೆ ಕೂಡಲೇ ತಿಳಿಯುತ್ತದೆ. ದೂರಿನ ಸಂಖ್ಯೆ ಕೊಡುತ್ತಾರೆ, ಅದನ್ನು ಗುರುತು ಹಾಕಿಟ್ಟುಕೊಳ್ಳಿ.

ಹತ್ತು ರೂಪಾಯಿಗೆ ಇಷ್ಟೆಲ್ಲ ಯಾಕೆ ಎಂದು ನಮ್ಮ ಬೀದಿಯ ಗೆಳೆಯರೊಬ್ಬರು ಕೇಳಿದರು. ನಮ್ಮ ಹತ್ತು ರೂಪಾಯಿ ಚಿಕ್ಕದೇ. ಆದರೆ ಅದನ್ನು ಒಂದು ದಿನದಲ್ಲಿ ಒಂದು ಲಕ್ಷ ಜನರಿಂದ ತೆಗೆದರೆ ಹತ್ತು ಲಕ್ಷವಾಗುತ್ತದೆ, ಯಾರೊಬ್ಬರೂ ದೂರು ಕೊಡುವಷ್ಟು ದೊಡ್ಡ ಮೊತ್ತ ಕಳೆದುಕೊಂಡಿರುವುದಿಲ್ಲ. ಈ ವ್ಯಾಪಾರ ನಿಂತಿರುವುದೇ ಅದರ ಮೇಲೆ. 2025ರ ಜೂನ್‌ನಲ್ಲಿ ಪ್ರಾಧಿಕಾರವು ಇ-ಕಾಮರ್ಸ್ ಕಂಪನಿಗಳಿಗೆಲ್ಲ, ಮೂರು ತಿಂಗಳೊಳಗೆ ನಿಮ್ಮ ಪುಟಗಳನ್ನು ನೀವೇ ಪರೀಕ್ಷಿಸಿ ಇಂಥದ್ದನ್ನು ತೆಗೆಯಿರಿ ಎಂದು ಸೂಚಿಸಿತು. ಯಾವ ಪುಟದಲ್ಲಿ ಉಳಿದಿದೆ ಎಂದು ತೋರಿಸಬೇಕಾದವರು ಅದನ್ನು ದಿನವೂ ಬಳಸುವ ನಾವೇ.

ಮೊತ್ತ ದೊಡ್ಡದಾಗಿದ್ದು ಸಹಾಯವಾಣಿಯಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 2019ರ ಕಾಯ್ದೆ ಬಂದ ಮೇಲೆ ಕಂಪನಿಯ ಕಚೇರಿ ಬೆಂಗಳೂರಿನಲ್ಲಿರಲಿ, ಮುಂಬೈಯಲ್ಲಿರಲಿ, ದೂರು ಕೊಡುವವರು ವಾಸಿಸುವ ಊರಿನ ಆಯೋಗದಲ್ಲಿಯೇ ಕೊಡಬಹುದು. ಭದ್ರಾವತಿಯವರಿಗೂ ನಮಗೂ ಅದು ಶಿವಮೊಗ್ಗವೇ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಅರ್ಜಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು.